ಎಕ್ಸ್‌ಟೆನ್ಷನ್ ಬೋರ್ಡಿನ ವಯರು ಬಿಸಿಯಾಗುವುದೇಕೆ?

ಚೆನ್ನೈಯ ಒಂದು ಮನೆಯ ಅಡುಗೆಕೋಣೆಯಲ್ಲಿ 2000 ವ್ಯಾಟ್‌ನ ಇಂಡಕ್ಷನ್ ಒಲೆಯನ್ನು 5 ಮೀಟರ್ ಉದ್ದದ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಲಾಗಿದೆ ಎಂದುಕೊಳ್ಳೋಣ. 230 ವೋಲ್ಟ್‌ನಲ್ಲಿ ಈ ಒಲೆಯು ಸುಮಾರು 8.7 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತದೆ. ಅಗ್ಗದ ಬೋರ್ಡುಗಳ ಪ್ಲಗ್ಗು ಸಾಮಾನ್ಯವಾಗಿ 6 ಆಂಪಿಯರ್‌ನದು. ವಯರಿನೊಳಗಿನ ತಾಮ್ರದ ಎಳೆಗಳ ಅಡ್ಡಕೊಯ್ತ ಹಲವು ವೇಳೆ 0.75 ಚದರ ಮಿಲಿಮೀಟರ್ ಮಾತ್ರ.

ವಾಹಕದಲ್ಲಿ ಹುಟ್ಟುವ ಶಾಖವು ವಿದ್ಯುತ್ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟಿರುತ್ತದೆ. ವಿದ್ಯುತ್ತು ಹೋಗಿ ಮರಳಬೇಕಾದುದರಿಂದ 5 ಮೀಟರ್ ವಯರಿನಲ್ಲಿ ತಾಮ್ರದ ಹಾದಿ 10 ಮೀಟರ್ ಆಗುತ್ತದೆ. ಇದರ ರೋಧ ಸುಮಾರು 0.26 ಓಮ್. ಲೆಕ್ಕ ಹಾಕಿದರೆ ವಯರಿನಲ್ಲಿ 20 ವ್ಯಾಟ್‌ನಷ್ಟು, ಅಂದರೆ ಪ್ರತಿ ಮೀಟರಿಗೆ 4 ವ್ಯಾಟ್ ಶಾಖ ಉಂಟಾಗುತ್ತದೆ. ವಾಹಕವು 1.5 ಚದರ ಮಿಲಿಮೀಟರ್ ಇದ್ದರೆ ರೋಧವೂ ಶಾಖವೂ ಅರ್ಧಕ್ಕಿಳಿಯುತ್ತವೆ. ವಯರನ್ನು ಸುರುಳಿ ಸುತ್ತಿಟ್ಟರೆ ಶಾಖವು ಹೊರಹೋಗಲಾರದೆ ಒಳಗೇ ಕೂಡಿಕೊಳ್ಳುತ್ತದೆ. ಸಾಧಾರಣ ಪಿ.ವಿ.ಸಿ. ಹೊದಿಕೆ ಸುಮಾರು 70 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳಬಲ್ಲದು. ಚೆನ್ನೈಯ ಮೇ ತಿಂಗಳ 40 ಡಿಗ್ರಿ ಸೆಕೆಯಲ್ಲಿ ಉಳಿಯುವ ಅಂತರ 30 ಡಿಗ್ರಿ ಮಾತ್ರ.

ಇದಕ್ಕಿಂತ ಅಪಾಯಕಾರಿಯಾದುದು ಪ್ಲಗ್ಗಿನ ಸಂಪರ್ಕ. ಪ್ಲಗ್ಗಿನ ಪಿನ್ನನ್ನು ಸಾಕೆಟ್ಟಿನೊಳಗಿನ ಹಿತ್ತಾಳೆಯ ತಗಡು ಬಿಗಿಯಾಗಿ ಹಿಡಿದಿರಬೇಕು. ಹಿಡಿತ ಸಡಿಲಗೊಂಡರೆ, ಅಥವಾ ಕಡಲ ತೀರದ ತೇವದ ಉಪ್ಪುಗಾಳಿಯಿಂದ ತಗಡು ಕಿಲುಬು ಹಿಡಿದರೆ, ಅಲ್ಲಿನ ರೋಧವು ಹೆಚ್ಚುತ್ತದೆ. ಅದು 0.1 ಓಮ್‌ನಷ್ಟಾದರೂ ಸಾಕು, 7.5 ವ್ಯಾಟ್ ಶಾಖವು ಕೆಲವೇ ಮಿಲಿಮೀಟರ್ ಜಾಗದಲ್ಲಿ ಕೇಂದ್ರೀಕೃತವಾಗುತ್ತದೆ. ಶಾಖದಿಂದ ತಗಡಿನ ಬಿಗಿ ಇನ್ನಷ್ಟು ಕುಂದುತ್ತದೆ, ಕಿಲುಬು ಬೆಳೆಯುತ್ತದೆ, ರೋಧವು ಮತ್ತೆ ಏರುತ್ತದೆ. ಕೊನೆಗೆ ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತಬಹುದು. ಪ್ರವಾಹವು ಹೆಚ್ಚದಿರುವುದರಿಂದ 16 ಆಂಪಿಯರ್‌ನ ಫ್ಯೂಸಾಗಲಿ ಎಂ.ಸಿ.ಬಿ.ಯಾಗಲಿ ಇದನ್ನು ತಡೆಯಲಾರದು.

ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಸುಲಭ. ಒಲೆಯನ್ನು ಹತ್ತು ನಿಮಿಷ ನಡೆಸಿ, ಗೋಡೆಯ ಸ್ವಿಚ್ಚನ್ನು ಆರಿಸಿ, ಪ್ಲಗ್ಗಿನ ಪ್ಲಾಸ್ಟಿಕ್ ಭಾಗವನ್ನು ಹಿಡಿದು ಹೊರತೆಗೆಯಬೇಕು. ವಯರು ಉದ್ದಕ್ಕೂ ಒಂದೇ ಸಮನಾಗಿ ಬಿಸಿಯಾಗಿದ್ದರೆ ವಾಹಕವು ತೆಳುವಾದುದೆಂದು ತಿಳಿಯಬೇಕು. ವಯರು ತಣ್ಣಗಿದ್ದು ಪ್ಲಗ್ಗಿನ ಬಳಿ ಮಾತ್ರ ಬಿಸಿಯಿದ್ದರೆ ದೋಷವು ಸಂಪರ್ಕದಲ್ಲಿದೆ. ಪಿನ್ನುಗಳ ಸುತ್ತ ಕಂದು ಕಲೆ, ಸುಟ್ಟ ವಾಸನೆ, ಪ್ಲಗ್ಗು ತಾನಾಗಿ ಜಾರುವುದು ಇದರ ಇತರ ಲಕ್ಷಣಗಳು. ಪಿನ್ನುಗಳು ಬಹಳ ಬಿಸಿಯಾಗಿರಬಹುದಾದ್ದರಿಂದ ಅವನ್ನು ಮುಟ್ಟಬಾರದು.

ದಪ್ಪ ವಯರು ಹಾಕಿದ ಮಾತ್ರಕ್ಕೆ ಸಡಿಲ ಸಾಕೆಟ್ಟಿನ ದೋಷ ನೀಗುವುದಿಲ್ಲ, ಸಾಕೆಟ್ಟನ್ನೇ ಬದಲಾಯಿಸಬೇಕು. 2000 ವ್ಯಾಟ್‌ನ ಉಪಕರಣವನ್ನು ಗೋಡೆಯ 16 ಆಂಪಿಯರ್ ಸಾಕೆಟ್ಟಿಗೆ ನೇರವಾಗಿ ಜೋಡಿಸುವುದು ಉತ್ತಮ. ಬೋರ್ಡು ಅನಿವಾರ್ಯವಾದರೆ ಅದರ ಪ್ಲಗ್ಗೂ ಸಾಕೆಟ್ಟೂ 16 ಆಂಪಿಯರ್‌ನದಾಗಿರಬೇಕು. ವಯರು ಕನಿಷ್ಠ 1.5 ಚದರ ಮಿಲಿಮೀಟರ್ ತಾಮ್ರದ್ದಾಗಿದ್ದು, ಸುರುಳಿ ಬಿಚ್ಚಿ ಹರಡಿರಬೇಕು.