ಮಗಳ ಫೋನ್: ಎಷ್ಟು ನೋಡಬೇಕು, ಎಲ್ಲಿ ನಿಲ್ಲಿಸಬೇಕು

ಮರ್ಫಿ ಟೌನ್‌ನ ಒಂದು ಮನೆ ಎಂದುಕೊಳ್ಳಿ. ಒಂಬತ್ತನೇ ತರಗತಿಯ ಮಗಳು ಸಂಜೆ ಹಳೇ ಮದ್ರಾಸ್ ರಸ್ತೆ ದಾಟಿ ಸಿಎಂಎಚ್ ರಸ್ತೆಯ ಟ್ಯೂಷನ್‌ಗೆ ಹೋಗಿ, ಎಂಟು ಗಂಟೆಗೆ ಮನೆ ಸೇರುತ್ತಾಳೆ. ಅಪ್ಪನ ಹಳೇ ಫೋನ್ ಈಗ ಅವಳದು. ಅಮ್ಮನಿಗೆ ಮೂರು ಭಯ: ದಾರಿ, ಇನ್‌ಸ್ಟಾಗ್ರಾಂನಲ್ಲಿ ಮಾತಿಗಿಳಿಯುವ ಅಪರಿಚಿತರು, ರಾತ್ರಿ ಹೊದಿಕೆಯೊಳಗೆ ಬೆಳಗುವ ಸ್ಕ್ರೀನ್. ಇದಕ್ಕೆಲ್ಲ ಅವಳ ಚಾಟ್ ಓದಲು ಕೂರುವವರೇ ಹೆಚ್ಚು. ಆದರೆ ಮೂರು ಭಯಕ್ಕೂ ಬೇರೆ ಬೇರೆ ಉಪಾಯವಿದೆ, ಯಾವುದಕ್ಕೂ ಚಾಟ್ ಓದಬೇಕಿಲ್ಲ.

ಮೊದಲು ಅಕೌಂಟ್ ಸರಿಪಡಿಸಿ. ಹಳೇ ಫೋನಿನಲ್ಲಿ ಅಪ್ಪನ ಜಿಮೇಲ್ ಉಳಿದಿದ್ದರೆ ಅದು ಗೂಗಲ್ ಲೆಕ್ಕದಲ್ಲಿ ನಲವತ್ತು ದಾಟಿದವರ ಫೋನ್. ಅಪ್ಪನ ಫೋಟೊ, ಯೂಟ್ಯೂಬ್, ಪ್ಲೇ ಸ್ಟೋರ್ ಎಲ್ಲವೂ ಮಗಳ ಕೈಯಲ್ಲಿರುತ್ತವೆ. ಆ ಅಕೌಂಟ್, ಜೊತೆಗೆ ಯುಪಿಐ ಆ್ಯಪ್‌ಗಳನ್ನು ತೆಗೆದು, ಫೋನ್ ರೀಸೆಟ್ ಮಾಡಿ, ಅವಳದೇ ಅಕೌಂಟ್ ಹಾಕಿ. ಹುಟ್ಟಿದ ಇಸವಿ ನಿಜದ್ದಾಗಿರಲಿ. ಐದನೇ ಕ್ಲಾಸಿನಲ್ಲಿ ಆಟವಾಡಲೆಂದು ನಾವೇ ವಯಸ್ಸು ಹೆಚ್ಚಿಸಿ ತೆರೆದುಕೊಟ್ಟ ಅಕೌಂಟ್‌ಗಳು ಎಷ್ಟೋ ಇವೆ. ಮಕ್ಕಳಿಗೆಂದು ಮಾಡಿದ ರಕ್ಷಣೆಗಳು ಅಲ್ಲಿ ತಪ್ಪಿಹೋಗುತ್ತವೆ.

ಎರಡನೆಯದು ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್. ಹದಿಮೂರು ದಾಟಿದವರ ಅಕೌಂಟ್‌ಗೆ ಇದನ್ನು ಜೋಡಿಸಲು ಅವರ ಒಪ್ಪಿಗೆ ಬೇಕು, ಕದ್ದುಮುಚ್ಚಿ ಹಾಕಲಾಗದು. ನನ್ನ ಕಣ್ಣಿಗೆ ಇದೇ ಇದರ ದೊಡ್ಡ ಗುಣ. ಪಕ್ಕದಲ್ಲಿ ಕೂತು ಇಬ್ಬರೂ ಸೇರಿ ಮೂರೇ ವಿಷಯ ಆನ್ ಮಾಡಿ: ಹೊಸ ಆ್ಯಪ್‌ಗೆ ಅನುಮತಿ, ರಾತ್ರಿ ಹತ್ತೂವರೆಯ ಲಾಕ್, ಲೊಕೇಶನ್. ಲಾಕ್ ಆದ ಮೇಲೂ ಬಂದ ಕರೆ ಎತ್ತಬಹುದು. ಅವಳ ಮೆಸೇಜ್‌ನಲ್ಲಿ ಏನಿದೆ ಎಂಬುದು ನಿಮಗೆ ಕಾಣುವುದಿಲ್ಲ.

ಲೊಕೇಶನ್ ವಿಷಯದಲ್ಲಿ ಗಾಬರಿಯಾಗುವ ಮುನ್ನ ಎರಡು ಮಾತು. ಒತ್ತೊತ್ತಾದ ಮನೆಗಳ ನಡುವೆ ಚುಕ್ಕೆ ಪಕ್ಕದ ಬೀದಿಯಲ್ಲಿ ಕಾಣಿಸಬಹುದು. ಡೇಟಾ ಆಫ್ ಆದರೆ ಅಥವಾ ಬ್ಯಾಟರಿ ಮುಗಿದರೆ ಹಳೆಯ ಜಾಗವೇ ಉಳಿಯುತ್ತದೆ. ಹಾಗಾಗಿ ಚುಕ್ಕೆಯ ಜೊತೆಗಿರುವ ಸಮಯ ಓದಿ. ಎಂಟೂಕಾಲಾದರೂ ಬಾರದಿದ್ದರೆ ಮೊದಲು ಅವಳಿಗೆ ಫೋನ್, ಆಮೇಲೆ ಟ್ಯೂಷನ್‌ಗೆ, ಅದಾದ ಮೇಲೆ ಮ್ಯಾಪ್. ಸ್ಕೂಲಿನಲ್ಲಿರುವ ಹೊತ್ತಿನಲ್ಲಿ ನೋಡುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡು, ಹಾಗೇ ನಡೆದುಕೊಳ್ಳಿ. ‘ಅಷ್ಟೊತ್ತು ಕ್ಯಾಂಟೀನ್‌ನಲ್ಲಿ ಏನ್ ಮಾಡ್ತಿದ್ದೆ?’ ಎಂದು ಒಮ್ಮೆ ಕೇಳಿದರೆ ಸಾಕು, ಮರುದಿನದಿಂದ ಫೋನ್ ಗೆಳತಿಯ ಬ್ಯಾಗಿನಲ್ಲಿರುತ್ತದೆ.

ಇನ್‌ಸ್ಟಾಗ್ರಾಂ 2025ರ ಫೆಬ್ರವರಿಯಲ್ಲಿ ಹದಿಹರೆಯದವರ ಅಕೌಂಟನ್ನು ಭಾರತಕ್ಕೂ ತಂದಿತು. ಅದು ತಾನಾಗಿ ಖಾಸಗಿಯಾಗಿರುತ್ತದೆ. ಹದಿನಾರರೊಳಗಿನವರು ರಕ್ಷಣೆ ಸಡಿಲಿಸಲು ಪೋಷಕರು ಒಪ್ಪಬೇಕು. ಪೋಷಕರ ಮೇಲ್ವಿಚಾರಣೆ ಜೋಡಿಸಿದರೆ ಕಳೆದ ಏಳು ದಿನ ಯಾರ ಜೊತೆ ಮೆಸೇಜ್ ನಡೆಯಿತು ಎಂದಷ್ಟೇ ಕಾಣುತ್ತದೆ, ಮಾತು ಕಾಣುವುದಿಲ್ಲ. ಭಾನುವಾರ ಒಮ್ಮೆ ಆ ಪಟ್ಟಿಯನ್ನು ಅವಳ ಜೊತೆಗೇ ನೋಡಿ. ಗೊತ್ತಿಲ್ಲದ ಹೆಸರಿದ್ದರೆ ‘ಇವರು ಯಾರು, ಎಲ್ಲಿ ಪರಿಚಯ?’ ಎಂದು ಕೇಳಿ. ಅವಳು ಎರಡನೇ ಅಕೌಂಟ್ ತೆರೆದುಕೊಂಡರೆ ಈ ಪಟ್ಟಿಯಲ್ಲಿ ಅದರ ಸುಳಿವೂ ಇರುವುದಿಲ್ಲ. ದಿನವಿಡೀ ಇನ್‌ಸ್ಟಾ ನೋಡುವವಳ ಪಟ್ಟಿ ಖಾಲಿ ಇದ್ದರೆ ಅನುಮಾನಿಸಬಹುದು.

ಗುಟ್ಟಾಗಿ ಕೆಲಸ ಮಾಡುವ ಬೇಹುಗಾರಿಕೆ ಆ್ಯಪ್ ಬೇಡವೇ ಬೇಡ. ಅವುಗಳಲ್ಲಿ ಹಲವು ಗೂಗಲ್ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿಸುತ್ತವೆ. ಮಗಳ ಫೋಟೊ, ಚಾಟ್ ಎಲ್ಲವೂ ಯಾರದೋ ಸರ್ವರ್‌ಗೆ ಹೋಗುತ್ತವೆ, ಅಲ್ಲಿಂದ ಸೋರಿದ ಉದಾಹರಣೆಗಳೂ ಇವೆ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಸುಪ್ರೀಂ ಕೋರ್ಟ್ ತೀರ್ಪಿನ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪು ಅಪ್ಪ-ಅಮ್ಮನ ಕುರಿತದ್ದಲ್ಲ, ಆದರೂ ಮನೆಯಲ್ಲಿ ನೆನಪಿಟ್ಟುಕೊಂಡರೆ ನಷ್ಟವಿಲ್ಲ.

ಸಡಿಲಿಸುವ ದಿನಾಂಕವನ್ನೂ ಈಗಲೇ ಬರೆದಿಡಿ. ಎಸ್‌ಎಸ್‌ಎಲ್‌ಸಿಗೆ ಬಂದಾಗ ಆ್ಯಪ್ ಅನುಮತಿ ಬಿಡಿ. ಪಿಯುಸಿ ಸೇರಿದಾಗ ರಾತ್ರಿಯ ಲಾಕ್ ಅವಳ ಕೈಗೆ. ಹದಿನೇಳಕ್ಕೆ ಲೊಕೇಶನ್ ಅವಳಿಷ್ಟ, ತಡವಾದ ದಿನ ಅವಳೇ ಕಳುಹಿಸಲಿ.

ಚಾಟ್ ತೆರೆಯುವ ಸಂದರ್ಭ ಒಂದಿದೆ: ಯಾರೋ ಫೋಟೊ ಇಟ್ಟುಕೊಂಡು ಬೆದರಿಸುತ್ತಿದ್ದರೆ, ಹಣ ಅಥವಾ ಭೇಟಿಗೆ ಒತ್ತಾಯಿಸುತ್ತಿದ್ದರೆ. ಆಗಲೂ ಅವಳ ಎದುರಿಗೇ ತೆರೆಯಿರಿ. ಚಾಟ್ ಅಳಿಸಬೇಡಿ, ಹಣ ಕೊಡಬೇಡಿ. ಬೆದರಿಸಿದವರ ಯೂಸರ್‌ನೇಮ್ ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆದರೆ ಆ ಫೋಟೊವನ್ನು ಸಾಕ್ಷಿಯೆಂದು ಯಾರಿಗೂ ಫಾರ್ವರ್ಡ್ ಮಾಡಬೇಡಿ. cybercrime.gov.in ನಲ್ಲಿ ಮಕ್ಕಳ ವಿಭಾಗದಡಿ ದೂರು ಕೊಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ, ಮಗುವಿಗೆ ನೆರವು ಬೇಕಿದ್ದರೆ 1098ಕ್ಕೆ ಕರೆ ಮಾಡಿ. takeitdown.ncmec.org ಹದಿನೆಂಟರೊಳಗಿನವರ ನಗ್ನ ಚಿತ್ರ ಹರಡದಂತೆ ತಡೆಯಲು ನೆರವಾಗುತ್ತದೆ. ಅಲ್ಲಿಗೆ ಹೋಗುವುದು ಫೋಟೊ ಅಲ್ಲ, ಅದರಿಂದ ಫೋನಿನಲ್ಲೇ ತಯಾರಾದ ಒಂದು ಗುರುತು ಮಾತ್ರ.