ಬರೆದು ಮುಗಿಸಿದ ಮೇಲೆ ಹಾಕಿದ ರೂಪುರೇಷೆ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಪ್ರಬಂಧ ಬರೆಯುವ ಮೊದಲು ರೂಪುರೇಷೆ ಹಾಕಿಕೊಳ್ಳಿ ಎಂದು ಎಂಟನೇ ತರಗತಿಯಿಂದ ಕೇಳುತ್ತಾ ಬಂದಿದ್ದೇನೆ. ಬರೆದು ಮುಗಿಸಿದ ಮೇಲೂ ರೂಪುರೇಷೆ ಹಾಕಬಹುದು ಎನ್ನುವುದು ಈ ವರ್ಷ ನಮ್ಮ ಕನ್ನಡ ಮೇಡಂ ಹೇಳಿದ ಮೇಲೆಯೇ ಗೊತ್ತಾಯಿತು. ಇಂಗ್ಲಿಷಿನಲ್ಲಿ ಇದಕ್ಕೆ ರಿವರ್ಸ್ ಔಟ್‌ಲೈನ್ ಎನ್ನುತ್ತಾರೆ. ಹಿಮ್ಮುಖ ರೂಪುರೇಷೆ ಎಂದು ಕರೆಯೋಣ. ಕೆಲಸ ಸರಳ. ಮುಗಿದ ಕರಡಿನ ಪ್ರತಿಯೊಂದು ಪ್ಯಾರಾ ಓದಿ, ಅದು ಹೇಳುವುದನ್ನು ಒಂದೇ ವಾಕ್ಯದಲ್ಲಿ ಪಕ್ಕದ ಹಾಳೆಗೆ ಬರೆಯಬೇಕು. ಆಮೇಲೆ ಪ್ರಬಂಧವನ್ನು ಮುಚ್ಚಿಟ್ಟು ಆ ವಾಕ್ಯಗಳನ್ನು ಮಾತ್ರ ಓದಬೇಕು. ಕೇಳಲು ಇಷ್ಟೇ. ಆದರೆ ನನ್ನ ಪ್ರಬಂಧಕ್ಕೆ ಇದನ್ನು ಮಾಡಿದಾಗ, ನಾನು ಹೆಮ್ಮೆಯಿಂದ ಬರೆದಿದ್ದ ಮುಖ್ಯ ವಾಕ್ಯವೇ ನಿಲ್ಲಲಿಲ್ಲ. ಅದನ್ನೇ ಇಲ್ಲಿ ಹೇಳುತ್ತೇನೆ.

ಪ್ರಬಂಧದ ವಿಷಯ ಯುಪಿಐ ಮತ್ತು ಸಣ್ಣ ಅಂಗಡಿಗಳು. 2025ರ ಜುಲೈಯಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿದ್ದು, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು ‘ನಗದು ಮಾತ್ರ’ ಎಂದು ಬೋರ್ಡು ಹಾಕಿದ್ದು ನಿಮಗೆ ನೆನಪಿರಬಹುದು. ನಮ್ಮ ಅಬ್ಬಾ ಅವರದೂ ಚಿಕ್ಕ ಕಿರಾಣಿ ಅಂಗಡಿ. ನಮಗೆ ನೋಟಿಸು ಬಂದಿರಲಿಲ್ಲ, ಆದರೂ ಮನೆಯಲ್ಲಿ ಒಂದು ವಾರ ಅದೇ ಮಾತು. ಆ ಸಿಟ್ಟಿನಲ್ಲೇ ಬರೆದ ಪ್ರಬಂಧ ಅದು. ಒಂಬತ್ತು ಪ್ಯಾರಾ, ಒಂದೇ ರಾತ್ರಿಯಲ್ಲಿ.

ಮೊದಲು ಅದನ್ನು ಅಬ್ಬಾಗೆ ಹೇಳಿದೆ. ಅವರು ಉರ್ದು ಓದುತ್ತಾರೆ, ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಆದರೆ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಒಂದೊಂದು ಪ್ಯಾರಾ ನೋಡಿಕೊಂಡು ಮನೆಮಾತಿನಲ್ಲಿ ಸಾರ ಹೇಳುತ್ತಾ ಹೋದೆ. ಆರನೇ ಪ್ಯಾರಾಕ್ಕೆ ಬಂದಾಗ ಅವರು ಕೈ ಎತ್ತಿ, “ಯೇ ಪೈಲೇ ಬೋಲ್ನಾ ಥಾ ನಾ?” ಎಂದರು. ಇದನ್ನು ಮೊದಲೇ ಹೇಳಬೇಕಿತ್ತಲ್ಲ ಎಂದು. ನನಗೆ ಸ್ವಲ್ಪ ಕೋಪ ಬಂತು. ನನ್ನ ಕನ್ನಡ ಕೇಳಿದ್ದರೆ ಹೀಗೆ ಅನ್ನುತ್ತಿರಲಿಲ್ಲ ಎಂದುಕೊಂಡೆ. ಮರುದಿನ ಮೇಡಂ ಹಿಮ್ಮುಖ ರೂಪುರೇಷೆಯ ವಿಷಯ ಹೇಳಿದಾಗಲೇ ತಿಳಿದದ್ದು, ಹಿಂದಿನ ರಾತ್ರಿ ನಾನು ಬಾಯಲ್ಲಿ ಮಾಡಿದ್ದು ಅದನ್ನೇ. ಚಂದದ ವಾಕ್ಯಗಳೆಲ್ಲ ಉದುರಿಹೋಗಿ ಬರೀ ವಾದ ಉಳಿದಿತ್ತು, ಅಬ್ಬಾ ಕೇಳಿದ್ದು ಅದರ ಕ್ರಮವನ್ನು.

ಹಾಳೆಯ ಮೇಲೆ ಬರೆದಾಗ ಹೀಗೆ ಬಂತು:

1. ಜುಲೈಯಲ್ಲಿ ಅಂಗಡಿಗಳು ‘ನಗದು ಮಾತ್ರ’ ಬೋರ್ಡು ಹಾಕಿದವು.
2. ಯುಪಿಐ 2016ರಲ್ಲಿ ಆರಂಭವಾಗಿ ಎಲ್ಲೆಡೆ ಹರಡಿತು.
3. ಯುಪಿಐ ಜಮಾ ನೋಡಿ ನೋಟಿಸು ಕೊಡುವುದು ಅನ್ಯಾಯ.
4. ನೋಟು ರದ್ದತಿ ಮತ್ತು ಚಿಲ್ಲರೆ ಸಮಸ್ಯೆಯಿಂದ ಅಂಗಡಿಯವರು ಕ್ಯೂಆರ್ ಕೋಡ್ ಇಟ್ಟರು.
5. ಹಾಲು, ತರಕಾರಿಗೆ ತೆರಿಗೆ ಇಲ್ಲ, ಅದನ್ನು 40 ಲಕ್ಷದಿಂದ ಕಳೆಯಬೇಕು.
6. 40 ಲಕ್ಷದ ಮಿತಿ ಎನ್ನುವುದು ವಹಿವಾಟು, ಲಾಭವಲ್ಲ.
7. ಯುಪಿಐಗೆ ಬಂದ ಹಣವೆಲ್ಲ ಮಾರಾಟದ ಹಣವಲ್ಲ.
8. ಮಿತಿ ದಾಟಿದವರು ನೋಂದಣಿ ಮಾಡಿಸಲೇಬೇಕು.
9. ಇಲಾಖೆ ಮೊದಲು ವಿವರಣೆ ಕೇಳಲಿ, ಅಂಗಡಿಯವರು ಲೆಕ್ಕ ಇಡಲಿ.

ಇಲ್ಲಿ ಒಂದು ಎಚ್ಚರಿಕೆ. ಬರೆದ ರಾತ್ರಿಯೇ ಈ ಪಟ್ಟಿ ಮಾಡಿದರೆ ಪ್ಯಾರಾದಲ್ಲಿ ಇರುವುದನ್ನಲ್ಲ, ನಾವು ಹೇಳಬೇಕೆಂದಿದ್ದನ್ನು ಬರೆದುಬಿಡುತ್ತೇವೆ. ನಾಲ್ಕನೇ ಪ್ಯಾರಾಕ್ಕೆ ನಾನು ಮೊದಲು ಬರೆದದ್ದು ‘ಸರ್ಕಾರವೇ ಯುಪಿಐ ಬಳಸಲು ಹೇಳಿತು’ ಎಂದು. ಪ್ಯಾರಾದಲ್ಲಿ ಹುಡುಕಿದರೆ ಅಂಥ ವಾಕ್ಯವೇ ಇರಲಿಲ್ಲ. ಹಾಗಾಗಿ ಪಕ್ಕದ ಬೆಂಚಿನ ಗೆಳೆಯನಿಗೆ ಪ್ರಬಂಧ ಕೊಟ್ಟು, ನನ್ನ ಪಟ್ಟಿ ತೋರಿಸದೆ ಅವನ ಕೈಯಲ್ಲೂ ಒಂದು ಪಟ್ಟಿ ಮಾಡಿಸಿದೆ. ಎರಡೂ ಹೊಂದದ ಜಾಗದಲ್ಲಿ ತಪ್ಪು ನನ್ನದೇ ಆಗಿತ್ತು. ಇನ್ನೊಂದು ವಿಷಯ, ವಾಕ್ಯ ಪೂರ್ಣವಾಗಿರಬೇಕು. ‘ನೋಟು ರದ್ದತಿ’ ಎಂದಷ್ಟೇ ಬರೆದರೆ ಅದು ವಿಷಯದ ಹೆಸರು. ಅದರ ಬಗ್ಗೆ ಏನು ಹೇಳಿದ್ದೇನೆ ಎನ್ನುವುದು ಕ್ರಿಯಾಪದ ಬಂದಾಗಲೇ ಗೊತ್ತಾಗುತ್ತದೆ.

ಪಟ್ಟಿ ಆದ ಮೇಲೆ ಮೇಡಂ ಹೇಳಿದ ಪರೀಕ್ಷೆ ಇದು: ಒಂದು ವಾಕ್ಯಕ್ಕೂ ಮುಂದಿನದಕ್ಕೂ ನಡುವೆ ‘ಏಕೆಂದರೆ’, ‘ಆದ್ದರಿಂದ’, ‘ಆದರೆ’ ಇವುಗಳಲ್ಲಿ ಒಂದನ್ನು ಇಟ್ಟು ಜೋರಾಗಿ ಓದಬೇಕು. ಯಾವುದೂ ಕೂರದೆ ‘ಮತ್ತು’ ಮಾತ್ರ ಕೂತರೆ, ಆ ಎರಡು ಪ್ಯಾರಾಗಳನ್ನು ಅದಲುಬದಲು ಮಾಡಿದರೂ ಏನೂ ಆಗುವುದಿಲ್ಲ ಎಂದರ್ಥ. ‘ಮತ್ತು’ ತಪ್ಪಲ್ಲ, ಒಂದೇ ಮಾತಿಗೆ ಎರಡು ಕಾರಣ ಕೊಡುವಾಗ ಅದೇ ಬೇಕು. ಆದರೆ ಮೇಲಿಂದ ಕೆಳಗಿನವರೆಗೂ ‘ಮತ್ತು’ ಬಂದರೆ ಅದು ವಾದವಲ್ಲ, ಸಾಮಾನು ಚೀಟಿ.

ನನ್ನ ಪಟ್ಟಿಯಲ್ಲಿ ಎರಡರಿಂದ ಮೂರಕ್ಕೆ ಹೋಗುವಾಗಲೇ ಸಿಕ್ಕಿಬಿದ್ದೆ. ಯುಪಿಐ ಎಲ್ಲೆಡೆ ಹರಡಿತು, ಆದ್ದರಿಂದ ನೋಟಿಸು ಅನ್ಯಾಯ? ಹರಡಿದ್ದಕ್ಕೂ ಅನ್ಯಾಯಕ್ಕೂ ಏನು ಸಂಬಂಧ? ಪ್ರಬಂಧದಲ್ಲಿ ನಾನು ‘ಹೀಗಿರುವಾಗ’ ಎಂಬ ಪದ ಹಾಕಿ ದಾಟಿಬಿಟ್ಟಿದ್ದೆ. ಓದುವಾಗ ಅದು ಚೆನ್ನಾಗಿಯೇ ಕೇಳಿಸುತ್ತಿತ್ತು. ನಾಲ್ಕನೆಯದು ಎರಡನೆಯದರ ಮುಂದುವರಿಕೆ, ನಡುವೆ ನನ್ನ ಸಿಟ್ಟು ನುಗ್ಗಿ ಅವೆರಡನ್ನೂ ಬೇರೆ ಮಾಡಿತ್ತು. ಐದನೆಯದರಲ್ಲಿ 40 ಲಕ್ಷ ಎಂಬ ಅಂಕಿ ಬರುತ್ತದೆ, ಅದು ಏನೆಂದು ತಿಳಿಯುವುದು ಆರನೆಯದರಲ್ಲಿ. ಅಬ್ಬಾ ಕೈ ಎತ್ತಿದ್ದು ಸರಿಯಾಗಿ ಅಲ್ಲೇ. ಒಂದು ಪದವನ್ನು ಯಾವ ಸಾಲಿನಲ್ಲಿ ಮೊದಲು ಬಳಸಿದೆ, ಯಾವ ಸಾಲಿನಲ್ಲಿ ವಿವರಿಸಿದೆ ಎಂದು ಪಟ್ಟಿಯಲ್ಲಿ ಗೆರೆ ಎಳೆದು ನೋಡಿದರೆ ಇದು ಕಣ್ಣಿಗೆ ಬೀಳುತ್ತದೆ. ಗೆರೆ ಕೆಳಗಿನಿಂದ ಮೇಲಕ್ಕೆ ಹೋದರೆ ಕ್ರಮ ತಪ್ಪಿದೆ.

ಇವೆಲ್ಲ ಜಾಗ ಬದಲಿಸಿದರೆ ಸರಿಹೋಗುವ ತಪ್ಪುಗಳು. ಎಂಟನೇ ಸಾಲು ಹಾಗಲ್ಲ. ಮೂರರಲ್ಲಿ ನೋಟಿಸು ಅನ್ಯಾಯ ಎಂದಿದ್ದೇನೆ, ಎಂಟರಲ್ಲಿ ಮಿತಿ ದಾಟಿದವರು ನೋಂದಣಿ ಮಾಡಿಸಲೇಬೇಕು ಎಂದಿದ್ದೇನೆ. ಮಾಡಿಸಲೇಬೇಕಾದರೆ, ಮಾಡಿಸದವರನ್ನು ಕೇಳುವುದು ಅನ್ಯಾಯ ಹೇಗೆ? ನಡುವೆ ನಾಲ್ಕು ಪ್ಯಾರಾ ಇದ್ದುದರಿಂದ ಈ ಜಗಳ ನನಗೂ ಕಂಡಿರಲಿಲ್ಲ. ಪಟ್ಟಿಯಲ್ಲಿ ಅವೆರಡರ ನಡುವೆ ನಾಲ್ಕು ಬೆರಳಿನ ಅಂತರ.

ಆಗ ಕಾರಣಗಳನ್ನಷ್ಟೇ ತೆಗೆದುಕೊಂಡು, ಇವು ನಿಜವಾಗಿ ಎಲ್ಲಿಗೆ ಒಯ್ಯುತ್ತವೆ ಎಂದು ನೋಡಿದೆ. ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 11 ಸಾವಿರ. ನೂರು ರೂಪಾಯಿ ಮಾರಿದರೆ ಎಂಟು ರೂಪಾಯಿ ಉಳಿಯುವ ಅಂಗಡಿ ಎಂದಿಟ್ಟುಕೊಳ್ಳಿ, 40 ಲಕ್ಷಕ್ಕೆ ಉಳಿಯುವುದು 3 ಲಕ್ಷ 20 ಸಾವಿರ, ತಿಂಗಳಿಗೆ 27 ಸಾವಿರಕ್ಕಿಂತ ಕಡಿಮೆ, ಅದರಲ್ಲೇ ಬಾಡಿಗೆ, ಕರೆಂಟು. ದೊಡ್ಡ ಅಂಕಿ ಎಂದರೆ ದೊಡ್ಡ ಸಾಹುಕಾರ ಅಲ್ಲ ಎಂದು ಇದು ತೋರಿಸುತ್ತದೆ. ಆದರೆ ಮಿತಿ ಇರುವುದು ವಹಿವಾಟಿಗೆ, ಆದ್ದರಿಂದ ನೋಟಿಸು ತಪ್ಪು ಎಂದು ಇದರಿಂದ ಸಾಧಿಸಲು ಆಗುವುದಿಲ್ಲ. ಏಳನೇ ಕಾರಣ ಮಾತ್ರ ಗಟ್ಟಿ. ಅಂಗಡಿಯವರ ಒಂದೇ ಖಾತೆಗೆ ಗಿರಾಕಿಯ ಹಣವೂ ಬರುತ್ತದೆ, ತಂಗಿ ವಾಪಸು ಕೊಟ್ಟ ಸಾಲವೂ ಬರುತ್ತದೆ, ಚೀಟಿ ಹಣವೂ ಬರುತ್ತದೆ. ಹಾಗಾದರೆ ನನ್ನ ಕಾರಣಗಳು ಹೊರುವ ತೂಕ ಇಷ್ಟೇ: ಯುಪಿಐ ಮೊತ್ತ ಪ್ರಶ್ನೆ ಕೇಳಲು ಸಾಕು, ಇಷ್ಟು ತೆರಿಗೆ ಕಟ್ಟು ಎನ್ನಲು ಸಾಲದು. ‘ಅನ್ಯಾಯ’ ಎಂಬ ಪದ ಹೊಡೆದು ಹಾಕಿದೆ. ಬೇಜಾರಾಯಿತು ಎನ್ನುವುದು ನಿಜ, ಆ ಪ್ಯಾರಾ ಬರೆಯುವಾಗ ನನಗೆ ತುಂಬಾ ಖುಷಿಯಾಗಿತ್ತು.

ಹೊಸ ಕ್ರಮ ಹೀಗಾಯಿತು. ಬೋರ್ಡಿನಿಂದಲೇ ಆರಂಭ. ಯುಪಿಐ ಹರಡಿದ್ದು, ನೋಟು ರದ್ದತಿ, 2020ರ ಜನವರಿಯಿಂದ ಅಂಗಡಿಯವರಿಗೆ ಶುಲ್ಕ ಇಲ್ಲದಿದ್ದುದು ಎಲ್ಲ ಸೇರಿ ಒಂದೇ ಪ್ಯಾರಾ, ಅದೂ ಚಿಕ್ಕದು. ಆದ್ದರಿಂದ ಹಿಂದೆ ಗಲ್ಲಾಪೆಟ್ಟಿಗೆಯಲ್ಲಿದ್ದ ಲೆಕ್ಕ ಈಗ ಬ್ಯಾಂಕಿನಲ್ಲಿ ಕಾಣುತ್ತದೆ. ಇದು ಮೊದಲ ಕರಡಿನಲ್ಲಿ ಇರಲೇ ಇಲ್ಲ, ‘ಆದ್ದರಿಂದ’ ಇಡಲು ಹೋದಾಗ ನಡುವೆ ಮೆಟ್ಟಿಲು ಇಲ್ಲದ್ದು ಗೊತ್ತಾಗಿ ಸೇರಿಸಿದೆ. ನಂತರ 40 ಲಕ್ಷ ಎಂದರೇನು. ಆದರೆ ಬ್ಯಾಂಕಿನಲ್ಲಿ ಕಂಡದ್ದೆಲ್ಲ ವಹಿವಾಟಲ್ಲ. ಆದ್ದರಿಂದ ಮೊತ್ತ ನೋಡಿ ಪ್ರಶ್ನೆ ಕೇಳಬಹುದು, ತೆರಿಗೆ ನಿರ್ಧರಿಸಬಾರದು. ಆದರೆ ನಿಜವಾಗಿ ಮಿತಿ ದಾಟಿದವರು ನೋಂದಣಿ ಮಾಡಿಸಬೇಕು, ಅವರಿಗೆ ಕಾಂಪೊಸಿಷನ್ ಸ್ಕೀಮ್ ಇದೆ, ವ್ಯಾಪಾರಿಗಳಿಗೆ ಶೇಕಡಾ 1. ಕೊನೆಗೆ ಲೆಕ್ಕ ಇಡುವ ಮಾತು.

ಐದನೇ ಪ್ಯಾರಾ ಎಲ್ಲಿ ಹೋಯಿತು ಎಂದು ಕೇಳಬಹುದು. ಅದನ್ನು ಹೊಸ ಕ್ರಮದಲ್ಲಿ ಸರಿಯಾದ ಜಾಗದಲ್ಲೇ ಇಟ್ಟಿದ್ದೆ, ಅಕೌಂಟೆನ್ಸಿ ಸರ್ ಓದಿ ಗುರುತು ಹಾಕಿದರು. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವರಿಗೆ ನೋಂದಣಿ ಬೇಡ, ಸರಿ. ಆದರೆ ಹಾಲಿನ ಜೊತೆ ಬಿಸ್ಕತ್ತು, ಸೋಪು ಮಾರುವ ಅಂಗಡಿಯಲ್ಲಿ 40 ಲಕ್ಷ ಎಣಿಸುವಾಗ ಹಾಲಿನ ಮಾರಾಟವೂ ಸೇರುತ್ತದೆ. ಹಾಲಿಗೆ ತೆರಿಗೆ ಬೀಳುವುದಿಲ್ಲ ಅಷ್ಟೆ. ನಾನು ಕಳೆಯಬೇಕು ಎಂದು ಬರೆದದ್ದು ತಪ್ಪು. ಕ್ರಮ ಸರಿಯಿತ್ತು, ಮಾತೇ ಸುಳ್ಳಾಗಿತ್ತು. ಇದನ್ನು ಹಿಮ್ಮುಖ ರೂಪುರೇಷೆ ಹಿಡಿಯುವುದಿಲ್ಲ. ನಮ್ಮ ಟ್ರಯಲ್ ಬ್ಯಾಲೆನ್ಸ್ ಹಾಗೆಯೇ ಇದು. ಎರಡು ಕಡೆ ತಾಳೆಯಾದರೂ, ಒಂದು ವ್ಯವಹಾರವನ್ನು ಪೂರ್ತಿ ಬರೆಯದೇ ಬಿಟ್ಟಿದ್ದರೆ ಅದು ಹೇಳುವುದಿಲ್ಲ. ಕಥೆ, ಪ್ರವಾಸದ ಬರಹಕ್ಕೂ ಈ ಪರೀಕ್ಷೆ ಬೇಡ. ಅಲ್ಲಿ ‘ಆಮೇಲೆ’ ಎಂಬ ಪದವೇ ಸಾಕು.

ತಿದ್ದಿದ ಪ್ರಬಂಧವನ್ನು ಮತ್ತೆ ಅಬ್ಬಾಗೆ ಹೇಳಿದೆ, ಈ ಸಲ ಪಟ್ಟಿ ಹಿಡಿದುಕೊಂಡೇ. ಕೊನೆಯವರೆಗೂ ಕೈ ಎತ್ತಲಿಲ್ಲ. ಖಾತೆಗೆ ಮನೆಯವರ ಹಣವೂ ಬರುತ್ತದೆ ಎನ್ನುವಲ್ಲಿ ಮಾತ್ರ ತಡೆದು, ಚಾಚಾ ಕಳಿಸಿದ ಎರಡು ಸಾವಿರದ ವಿಷಯ ಹೆಸರು ಹಾಕಿ ಬರೆದಿಲ್ಲ ತಾನೇ ಎಂದು ಕೇಳಿದರು.