ಮೊದಲು ಪೇಟಿಯೋ, ಕೀಬೋರ್ಡೋ?

ಪ್ರಶ್ನೆ: ನಮ್ಮದು ಬ್ಯಾಡಗಿ. 14 ವರ್ಷದ ಮಗನಿಗೆ ಭಜನೆ ಪದ, ಸಿನಿಮಾ ಹಾಡು ಎರಡನ್ನೂ ಇಷ್ಟಪಟ್ಟು ಹಾಡ್ತಾನೆ. ಹಾವೇರಿಯ ಅಂಗಡಿಯಲ್ಲಿ ಕೀಬೋರ್ಡ್ ನೋಡಿ ಬಂದು ಅದೇ ಬೇಕು ಅಂತಾನೆ. ರಾಣೇಬೆನ್ನೂರಿನ ನಮ್ಮಣ್ಣ ತನ್ನ ಹಳೆಯ ಪೇಟಿ ಕೊಡ್ತೀನಿ ಅಂದಿದ್ದಾನೆ. ಯಾವುದರಿಂದ ಶುರು ಮಾಡಿಸಲಿ?

ಉತ್ತರ: ಮಗ ಹಾಡುತ್ತಾನೆ ಅಂತ ಬರೆದಿದ್ದೀರಿ, ಹಾಗಾಗಿ ಪೇಟಿಯಿಂದಲೇ ಶುರು ಮಾಡಿಸಿ. ಇದು ದನಿ ಒಡೆಯುವ ವಯಸ್ಸು. ಇವತ್ತು ಬಿಳಿ ನಾಲ್ಕಕ್ಕೆ ಸಲೀಸಾಗಿ ಹಾಡುವ ಹುಡುಗ ಕೆಲವೇ ತಿಂಗಳಲ್ಲಿ ಕರಿ ಒಂದಕ್ಕೆ ಇಳಿಯಬಹುದು. ಭಜನೆಯಲ್ಲಂತೂ ಹಾಡುವವರ ಶ್ರುತಿಗೆ ಪೇಟಿಯವನೇ ಹೊಂದಿಕೊಳ್ಳಬೇಕು.

ಭೂಪ ರಾಗದ ಸರಿಗಪದ ತೆಗೆದುಕೊಳ್ಳಿ. ಬಿಳಿ ನಾಲ್ಕನ್ನು ಸಾ ಮಾಡಿಕೊಂಡರೆ ಬಿಳಿ ನಾಲ್ಕು, ಐದು, ಆರು, ಆಮೇಲೆ ಮೇಲಿನ ಸಪ್ತಕದ ಬಿಳಿ ಒಂದು, ಎರಡು. ಕರಿ ಮನೆ ಮುಟ್ಟುವ ಪ್ರಸಂಗವೇ ಇಲ್ಲ. ಅದೇ ರಾಗ ಕರಿ ಒಂದಕ್ಕೆ ಬಂದರೆ ಕರಿ ಒಂದು, ಕರಿ ಎರಡು, ಬಿಳಿ ನಾಲ್ಕು, ಕರಿ ನಾಲ್ಕು, ಕರಿ ಐದು. ಬೆರಳಿನ ದಾರಿಯೇ ಬೇರೆ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ನಾಲ್ಕು ಮನೆ ಇಳಿಸಿದರೆ ಬೆರಳು ಹಳೆಯ ಜಾಗದಲ್ಲೇ ಇರುತ್ತವೆ. ಅನುಕೂಲವೇ, ಆದರೆ ಆ ಗುಂಡಿಗೆ ಒಗ್ಗಿದ ಹುಡುಗ ಗುಡಿಯಲ್ಲಿ ಪೇಟಿ ಮುಂದೆ ಕೂತಾಗ ತಡವರಿಸುತ್ತಾನೆ. ನಿಮ್ಮ ಜಿಲ್ಲೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ, ಪೇಟಿಯ ಮನೆಗಳನ್ನು ಅವರು ಬೆರಳಿನಿಂದಲೇ ಬಲ್ಲವರಾಗಿದ್ದರು. ಮಗನೂ ದಿನಾ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಎರಡು ಶ್ರುತಿಯಲ್ಲಿ ಸರಿಗಪದ ನುಡಿಸಲಿ, ಜೊತೆಗೆ ಹಾಡಲಿ.

ಅಣ್ಣನ ಪೇಟಿಯನ್ನು ಮಾತ್ರ ಪರೀಕ್ಷಿಸದೆ ತರಬೇಡಿ. ಗಾಳಿಗುಂಡಿಗಳನ್ನೆಲ್ಲ ಒಳಗೆ ತಳ್ಳಿ, ಯಾವ ಮನೆಯನ್ನೂ ಒತ್ತದೆ ಗಾಳಿ ಹಾಕಿ. ಕೆಲವೇ ಸಲಕ್ಕೆ ಹಿಂದಿನ ಹಲಗೆ ಬಿಗಿಯಾಗಿ ಎದುರು ಒತ್ತಬೇಕು. ಎಷ್ಟು ಹಾಕಿದರೂ ಸಡಿಲವಾಗಿಯೇ ಹೋದರೆ ಗಾಳಿ ಸೋರುತ್ತಿದೆ, ಹೆಚ್ಚಾಗಿ ಮಡಿಕೆಯ ಮೂಲೆಯಲ್ಲಿ ಹರಿದಿರುತ್ತದೆ. ಆಮೇಲೆ ಗುಂಡಿ ಎಳೆದು ಒಂದೊಂದೇ ಮನೆ ಒತ್ತಿ. ಕೆಳಗಿನ ಸಾ ಮತ್ತು ಮೇಲಿನ ಸಾ ಒಟ್ಟಿಗೆ ಹಿಡಿದಾಗ ದನಿ ಅಲೆಅಲೆಯಾಗಿ ನಡುಗಿದರೆ ಸ್ವರ ಜಾರಿದೆ. ಒಂದೆರಡು ಮನೆ ಮೂಕವಾಗಿದ್ದರೆ ಗಾಬರಿ ಬೇಡ, ಹಿತ್ತಾಳೆಯ ಸುರಿಗೆ ಧೂಳು ಸಿಕ್ಕಿದ್ದಿರಬಹುದು. ಪೇಟಿ ರಿಪೇರಿಯವರು ತೆಗೆದುಕೊಡುತ್ತಾರೆ. ನೀವೇ ಪಿನ್ನು ಹಾಕಿ ಕೆದರಬೇಡಿ, ಸುರ್ ಹಾಳಾಗುತ್ತದೆ.

ಸಿನಿಮಾ ಹಾಡಿನ ಪಲ್ಲವಿ, ಚರಣವನ್ನು ಪೇಟಿಯಲ್ಲಿ ಚೆನ್ನಾಗಿಯೇ ನುಡಿಸಬಹುದು. ಆದರೆ ಎಡಗೈ ಗಾಳಿಗೇ ಸರಿಹೋಗುವುದರಿಂದ ಹಾಡಿನ ಹಿಂದಿನ ಕಾರ್ಡ್, ತಾಳ, ಪಿಟೀಲಿನ ತುಣುಕು ಅದರಲ್ಲಿ ಕೂರುವುದಿಲ್ಲ. ಮಗನಿಗೆ ಹಾಡುವುದಕ್ಕಿಂತ ಅವೇ ಮುಖ್ಯವಾದರೆ, ಅಥವಾ ಪೇಟಿಯ ರಿಪೇರಿ ದುಬಾರಿ ಅನ್ನಿಸಿದರೆ, ಕೀಬೋರ್ಡೇ ಕೊಡಿಸಿ. 61 ಮನೆಯದು, ಪೂರ್ತಿ ಅಗಲದ ಪಟ್ಟಿಯದು, ಮೆಲ್ಲಗೆ ಮತ್ತು ಜೋರಾಗಿ ಒತ್ತಿದ್ದಕ್ಕೆ ದನಿ ಬದಲಾಗುವಂಥದ್ದು ನೋಡಿ. ಮಕ್ಕಳ ಆಟಿಕೆಯ ಸಣ್ಣ ಪಟ್ಟಿಯದು ಬೇಡ. ಮೊದಲ ವರ್ಷ ಟ್ರಾನ್ಸ್‌ಪೋಸ್ ಗುಂಡಿಯನ್ನು ಸೊನ್ನೆಯಲ್ಲೇ ಇರಿಸಿ.